ವರದಿಯ ಲೆಕ್ಕ ಅಂಗಡಿಯವರಿಗೆ ತಿಳಿಯುವ ಕನ್ನಡದಲ್ಲಿರಲಿ

ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿಯಲ್ಲಿ ಜಾಹೀರಾತು ಕೆಲಸಕ್ಕೆ ಹೊಸದಾಗಿ ಸೇರಿರುವ ಗೆಳೆಯ ಗೆಳತಿಯರಿಗೆ,



ಇನ್ನು ಮುಂದೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಗೂಗಲ್ ಜಾಹೀರಾತುಗಳ ವಾರದ ವರದಿಯನ್ನು ಅಂಗಡಿಯವರಿಗೆ ಒಪ್ಪಿಸುವವರು ನೀವೇ. ಪರದೆಯ ಮೇಲಿರುವ ಇಂಪ್ರೆಶನ್, ರೀಚ್, ಸಿಟಿಆರ್, ಕನ್ವರ್ಷನ್ ಎಂಬ ಪದಗಳನ್ನು ಇದ್ದ ಹಾಗೆಯೇ ಓದಿ ಹೇಳಿದರೆ ಸಾಹುಕಾರರು ಸುಮ್ಮನೆ ತಲೆಯಾಡಿಸುತ್ತಾರೆ. ನಿಘಂಟು ತೆರೆದು ‘ಪರಿವರ್ತನಾ ದರ’, ‘ಪುನರಾವರ್ತನಾಂಕ’ ಎಂದರೆ ಅದೂ ಅಷ್ಟೇ. ತಿಂಗಳ ಕೊನೆಗೆ ಬರುವ ಪ್ರಶ್ನೆ ಮಾತ್ರ ಒಂದೇ: ‘ರೊಕ್ಕ ಹಾಕಿದ್ದಕ್ಕ ಏನ್ ಬಂತ್ರೀ?’ ಈ ಪ್ರಶ್ನೆಗೆ ನೇರ ಉತ್ತರ ಕೊಡಬೇಕಾದರೆ ಪ್ರತಿ ಪದವೂ ಏನನ್ನು ಎಣಿಸುತ್ತದೆ ಎಂಬುದು ಮೊದಲು ನಮಗೆ ಗೊತ್ತಿರಬೇಕು. ಅದು ಸಲವನ್ನು ಎಣಿಸುತ್ತದೆಯೋ, ಮಂದಿಯನ್ನೋ, ರೂಪಾಯಿಯನ್ನೋ? ಕನ್ನಡ ಪದವನ್ನು ಆರಿಸಬೇಕಾದದ್ದು ಈ ಉತ್ತರದಿಂದ. ಈ ಪತ್ರವನ್ನು ಬಹಿರಂಗವಾಗಿ ಬರೆಯುವುದಕ್ಕೆ ಕಾರಣವಿದೆ. ದುಡ್ಡು ಹಾಕುವ ಅಂಗಡಿಯವರೂ ಇದನ್ನು ಓದಲಿ, ವರದಿ ಅಸ್ಪಷ್ಟವಾಗಿದ್ದರೆ ನಿಮ್ಮನ್ನೂ ನನ್ನನ್ನೂ ಕೇಳಲಿ.

ಎಷ್ಟು ಸಲ ಕಾಣಿಸಿತು, ಎಷ್ಟು ಮಂದಿಗೆ ತಲುಪಿತು

ಮೊದಲ ಜೋಡಿ ಇಂಪ್ರೆಶನ್ ಮತ್ತು ರೀಚ್. ಜಾಹೀರಾತು ಒಂದು ಸಲ ಪರದೆಯ ಮೇಲೆ ಬಂದರೆ ಒಂದು ಇಂಪ್ರೆಶನ್. ಒಬ್ಬನೇ ಮನುಷ್ಯನ ಫೋನಿನಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಬಂದರೆ ಮೂರು ಇಂಪ್ರೆಶನ್, ಆದರೆ ರೀಚ್ ಒಂದೇ. ಆದ್ದರಿಂದ ಇಂಪ್ರೆಶನ್ನಿಗೆ ‘ಕಾಣಿಸಿದ ಸಲ’ ಎನ್ನಿ, ರೀಚ್‌ಗೆ ‘ತಲುಪಿದ ಮಂದಿ’ ಎನ್ನಿ. ‘ಅರವತ್ತು ಸಾವಿರ ಜನ ನೋಡಿದ್ದಾರೆ’ ಎಂದು ಇಂಪ್ರೆಶನ್ ಸಂಖ್ಯೆಯನ್ನು ತೋರಿಸಿ ಹೇಳಬೇಡಿ. ಹೊಸಬರ ವರದಿಗಳಲ್ಲಿ ಹೆಚ್ಚಾಗಿ ಕಾಣುವ ತಪ್ಪು ಇದೇ. ಇಲ್ಲಿ ಸಂಖ್ಯೆ ಸರಿಯಾಗಿಯೇ ಇರುತ್ತದೆ, ಅದರ ಮುಂದೆ ಇಟ್ಟ ‘ಜನ’ ಎಂಬ ಪದ ತಪ್ಪಾಗಿರುತ್ತದೆ. ‘ನೋಡಿದ್ದಾರೆ’ ಎಂಬುದೂ ಪೂರ್ತಿ ನಿಜವಲ್ಲ. ಪರದೆಯ ಮೇಲೆ ಬಂದದ್ದನ್ನು ಯಂತ್ರ ಎಣಿಸಬಲ್ಲದು, ಕಣ್ಣು ಅದರ ಮೇಲೆ ನಿಂತಿತೇ ಎಂದು ಎಣಿಸಲಾರದು.

ಸಲವನ್ನು ಮಂದಿಯಿಂದ ಭಾಗಿಸಿದರೆ ಬರುವುದು ಫ್ರೀಕ್ವೆನ್ಸಿ. ಇದಕ್ಕೆ ‘ಒಬ್ಬರಿಗೆ ಸರಾಸರಿ ಎಷ್ಟು ಸಲ’ ಎಂದರೆ ಸಾಕು. ನಮ್ಮ ಊರುಗಳಲ್ಲಿ ಈ ಅಂಕಿಯ ಮೇಲೆ ಸದಾ ಕಣ್ಣಿರಬೇಕು. 2011ರ ಜನಗಣತಿಯಲ್ಲಿ ರಾಣೆಬೆನ್ನೂರು ಒಂದು ಲಕ್ಷ ದಾಟಿತ್ತು, ಹಾವೇರಿ ನಗರ ಎಪ್ಪತ್ತು ಸಾವಿರದೊಳಗಿತ್ತು, ಬ್ಯಾಡಗಿ ಅದಕ್ಕಿಂತಲೂ ಚಿಕ್ಕದು. ಬೆಂಗಳೂರಿನಲ್ಲಿ ವಾರಗಟ್ಟಲೆ ಓಡಿದರೂ ಹೊಸ ಮಂದಿ ಸಿಗುತ್ತಲೇ ಇರುವಷ್ಟು ಹಣ ಇಲ್ಲಿ ಕೆಲವೇ ದಿನಗಳಲ್ಲಿ ಅದೇ ಮಂದಿಯ ಸುತ್ತ ತಿರುಗತೊಡಗುತ್ತದೆ. ಸರಾಸರಿ ಸಲ ಏರುತ್ತಿದ್ದು ಕ್ಲಿಕ್ ಇಳಿಯುತ್ತಿದ್ದರೆ ಊರು ಆ ಚಿತ್ರವನ್ನು ನೋಡಿ ಮುಗಿಸಿದೆ ಎಂದರ್ಥ. ಆಗ ಬಜೆಟ್ ಹೆಚ್ಚಿಸಬಾರದು, ಚಿತ್ರವನ್ನೂ ಮಾತನ್ನೂ ಬದಲಿಸಬೇಕು.

ತಲುಪಿದ ಮಂದಿಯ ಲೆಕ್ಕ ಅಂದಾಜಿನದು, ತಲೆ ಎಣಿಕೆಯದಲ್ಲ ಎಂಬುದನ್ನೂ ತಿಳಿದಿರಿ. ಮನೆಯಲ್ಲಿ ಒಂದೇ ಫೋನನ್ನು ನಾಲ್ವರು ಬಳಸಿದರೆ ಅಲ್ಲಿ ಎಣಿಕೆಯಾಗುವುದು ಒಂದು ಖಾತೆ. ಇದಕ್ಕೆ ತದ್ವಿರುದ್ಧವಾದದ್ದೂ ಆಗುತ್ತದೆ. ಹಾವೇರಿ ಮತ್ತು ರಾಣೆಬೆನ್ನೂರಿನ ಮಗ್ಗುಲಲ್ಲೇ ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ಮೆಟಾದ ಸ್ಥಳದ ಗುರಿಯಲ್ಲಿ ಆ ಊರಿನಲ್ಲಿ ವಾಸಿಸುವವರ ಜೊತೆಗೆ ಇತ್ತೀಚೆಗೆ ಅಲ್ಲಿದ್ದವರೂ ಸೇರುತ್ತಾರೆ. ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟು ಮೋಟೆಬೆನ್ನೂರು ದಾಟುತ್ತ ಫೋನ್ ನೋಡುತ್ತಿರುವವನಿಗೂ ನಿಮ್ಮ ಸೀರೆ ಅಂಗಡಿಯ ಜಾಹೀರಾತು ತಲುಪಬಹುದು. ಊರಿನ ಜನಸಂಖ್ಯೆಗಿಂತ ತಲುಪಿದ ಮಂದಿ ಹೆಚ್ಚಾಗಿ ಕಂಡರೆ ಸಂಭ್ರಮಿಸುವ ಮೊದಲು ಸ್ಥಳದ ವ್ಯಾಪ್ತಿ ಎಷ್ಟು ಕಿಲೋಮೀಟರ್ ಇದೆ ಎಂದು ತೆರೆದು ನೋಡಿ.

ಇದೇ ಸಾಲಿಗೆ ಸೇರಿದ ಇನ್ನೊಂದು ಪದ ಸಿಪಿಎಂ. ‘ಸಾವಿರ ಸಲ ಕಾಣಿಸಲು ಬಿದ್ದ ಖರ್ಚು’ ಎಂದು ಬಿಡಿಸಿ ಹೇಳಿ, ಒಮ್ಮೆ ತಿಳಿದ ಮೇಲೆ ‘ಸಾವಿರದ ದರ’ ಎಂದರೂ ನಡೆಯುತ್ತದೆ. ದೀಪಾವಳಿಯ ಹೊತ್ತಿಗೆ ಎಲ್ಲ ಕಂಪನಿಗಳೂ ಅದೇ ಪರದೆಗೆ ಹರಾಜಿನಲ್ಲಿ ಕೂಗುವುದರಿಂದ ಈ ದರ ಏರುತ್ತದೆ. ಸವಾಲು ಏರಿದರೆ ಧಾರಣೆ ಏರುವುದು ಎಪಿಎಂಸಿಯ ಮಂದಿಗೆ ವಿವರಿಸಿ ಹೇಳಬೇಕಾದ ವಿಷಯವಲ್ಲ.

ಕ್ಲಿಕ್ಕಿನಿಂದ ಆರ್ಡರಿನವರೆಗೆ

‘ಕ್ಲಿಕ್’ ಕನ್ನಡದ್ದೇ ಆಗಿಹೋಗಿದೆ, ಅದನ್ನು ಬದಲಿಸಬೇಡಿ. ಆದರೆ ಯಾವ ಕ್ಲಿಕ್ ಎಂದು ಹೇಳಿ. ಮೆಟಾದ ಪಟ್ಟಿಯಲ್ಲಿ ಎಲ್ಲ ಬಗೆಯ ಕ್ಲಿಕ್ಕುಗಳ ಕಾಲಂ ಒಂದು, Link clicks ಎಂಬ ಕಾಲಂ ಇನ್ನೊಂದು. ಲೈಕ್ ಒತ್ತಿದ್ದು, ಚಿತ್ರ ದೊಡ್ಡದು ಮಾಡಿ ನೋಡಿದ್ದು, ಪೇಜಿನ ಹೆಸರು ಒತ್ತಿದ್ದು, ಎಲ್ಲವೂ ಮೊದಲನೆಯದರಲ್ಲಿ ಸೇರುತ್ತವೆ. ನಾವು ಕಳಿಸಬೇಕೆಂದ ಜಾಗಕ್ಕೆ ಹೋಗಲು ಒತ್ತಿದ್ದು ಎರಡನೆಯದರಲ್ಲಿದೆ. ವರದಿಗೆ ಎರಡನೆಯದು ಸಾಕು. ಸಿಟಿಆರ್ ಎಂದರೆ ‘ನೂರು ಸಲ ಕಾಣಿಸಿದರೆ ಎಷ್ಟು ಕ್ಲಿಕ್’. ಸಿಪಿಸಿ ಎಂದರೆ ‘ಒಂದು ಕ್ಲಿಕ್ಕಿಗೆ ಬಿದ್ದ ಖರ್ಚು’.

ಲೀಡ್ ಎಂಬುದಕ್ಕೆ ನಮ್ಮ ಅಂಗಡಿಗಳಲ್ಲಿ ‘ವಿಚಾರಿಸಿದವರು’ ಎಂಬ ಮಾತು ಸಹಜವಾಗಿ ಹೊಂದುತ್ತದೆ. ಬಂದು ದರ ಕೇಳಿ ಹೋದವರನ್ನು ಯಾವ ವರ್ತಕರೂ ಗಿರಾಕಿ ಎಂದು ವಹಿಗೆ ಬರೆಯುವುದಿಲ್ಲ, ನೀವೂ ಬರೆಯಬೇಡಿ. ವಾಟ್ಸ್‌ಆ್ಯಪ್ ಜಾಹೀರಾತಿನಲ್ಲಿ ಯಂತ್ರವೇ ಬರೆದಿಟ್ಟ ಮೊದಲ ಸಾಲನ್ನು ಕಳಿಸಿ ಸುಮ್ಮನಾದವರೂ ‘ಸಂಭಾಷಣೆ ಆರಂಭ’ ಎಂಬ ಫಲಿತಾಂಶದಲ್ಲಿ ಎಣಿಕೆಯಾಗುತ್ತಾರೆ. ಆದ್ದರಿಂದ ಅಂಗಡಿಯ ಫೋನ್ ತೆಗೆದು, ದರವನ್ನೋ ತೂಕವನ್ನೋ ನಿಜವಾಗಿ ಕೇಳಿದವರು ಎಷ್ಟು ಎಂದು ಕೈಯಿಂದ ಎಣಿಸಿ.

ಕನ್ವರ್ಷನ್‌ಗೆ ಒಂದೇ ಕನ್ನಡ ಪದ ಹುಡುಕುವುದು ಬೇಡ, ಏಕೆಂದರೆ ಆ ಪದ ತಾನಾಗಿ ಯಾವುದನ್ನೂ ಸೂಚಿಸುವುದಿಲ್ಲ. ಜಾಹೀರಾತು ಶುರು ಮಾಡುವಾಗ ನಾವು ಯಾವುದನ್ನು ಗುರಿ ಎಂದು ಇಟ್ಟೆವೋ ಅದೇ ಕನ್ವರ್ಷನ್. ಅದು ಆರ್ಡರ್ ಆಗಿದ್ದರೆ ‘ಆರ್ಡರ್’ ಎಂದೇ ಬರೆಯಿರಿ, ಫೋನ್ ಕರೆಯಾದರೆ ‘ಕರೆ’, ಫಾರ್ಮ್ ತುಂಬಿದ್ದಾದರೆ ‘ಹೆಸರು ಕೊಟ್ಟವರು’. ‘ನಲವತ್ತು ಕನ್ವರ್ಷನ್ ಬಂತು’ ಎಂದರೆ ಸಾಹುಕಾರರು ನಲವತ್ತು ವ್ಯಾಪಾರ ಎಂದುಕೊಳ್ಳುತ್ತಾರೆ. ಅದು ನಲವತ್ತು ಫಾರ್ಮ್ ಆಗಿದ್ದರೆ ಆಮೇಲೆ ಆಗುವ ಜಗಳದಲ್ಲಿ ನ್ಯಾಯ ಅವರ ಕಡೆಗೇ ಇರುತ್ತದೆ.

ಬ್ಯಾಡಗಿಯ ಒಂದು ಲೆಕ್ಕ

ಈಗ ಒಂದು ಲೆಕ್ಕವನ್ನು ಕೊನೆಯವರೆಗೂ ಮಾಡೋಣ. ಕಲಿಯಲು ಅನುಕೂಲವಾಗಲೆಂದು ನಾನೇ ಕಟ್ಟಿಕೊಂಡ ದುಂಡು ಅಂಕಿಗಳಿವು, ಯಾವ ಅಂಗಡಿಯವೂ ಅಲ್ಲ. ಬ್ಯಾಡಗಿಯಲ್ಲಿ ಖಾರದಪುಡಿ ಮಾಡುವವರೊಬ್ಬರು ಒಂದು ಕಿಲೋ ಪೊಟ್ಟಣವನ್ನು 600 ರೂಪಾಯಿಗೆ ಮಾರುತ್ತಾರೆ ಎಂದಿಟ್ಟುಕೊಳ್ಳಿ. ಮೆಣಸಿನಕಾಯಿ, ಕುಟ್ಟುವ ಖರ್ಚು, ಪ್ಯಾಕಿಂಗ್, ಕೊರಿಯರ್ ಎಲ್ಲ ಕಳೆದು ಒಂದು ಆರ್ಡರಿಗೆ 180 ರೂಪಾಯಿ ಉಳಿಯುತ್ತದೆ. ಬೆಂಗಳೂರು ಮತ್ತು ಹುಬ್ಬಳ್ಳಿಯ ಮನೆಗಳಿಗೆ ಜಾಹೀರಾತು ಬಿಟ್ಟರು, 6,000 ರೂಪಾಯಿ ಹೋಯಿತು.

ಜಾಹೀರಾತು 60,000 ಸಲ ಕಾಣಿಸಿತು, 20,000 ಮಂದಿಗೆ ತಲುಪಿತು. ಅಂದರೆ ಒಬ್ಬರಿಗೆ ಸರಾಸರಿ 3 ಸಲ, ಸಾವಿರದ ದರ 100 ರೂಪಾಯಿ. ಕ್ಲಿಕ್ 600, ನೂರಕ್ಕೆ ಒಂದು, ಕ್ಲಿಕ್ಕಿಗೆ 10 ರೂಪಾಯಿ. ವಿಚಾರಿಸಿದವರು 60, ಒಬ್ಬರಿಗೆ 100 ರೂಪಾಯಿ ಖರ್ಚು. ಆರ್ಡರ್ 15, ಒಂದು ಆರ್ಡರಿಗೆ 400 ರೂಪಾಯಿ ಖರ್ಚು. ವ್ಯಾಪಾರ 9,000 ರೂಪಾಯಿ.

6,000 ಹಾಕಿ 9,000 ಬಂದಿದೆ. ಪರದೆಯ ಮೇಲೆ ರೋಆಸ್ 1.5 ಎಂದು ಬರುತ್ತದೆ. ಇದನ್ನು ‘ಒಂದೂವರೆ ಪಟ್ಟು ಲಾಭ’ ಎಂದು ಹೇಳಿದರೆ ದೊಡ್ಡ ಅನ್ಯಾಯ. ರೋಆಸ್ ಹೇಳುವುದು ‘ಜಾಹೀರಾತಿನ ಒಂದು ರೂಪಾಯಿಗೆ ಎಷ್ಟು ರೂಪಾಯಿ ವ್ಯಾಪಾರವಾಯಿತು’ ಎಂಬುದನ್ನು ಮಾತ್ರ. ಉಳಿಕೆಯ ಲೆಕ್ಕ ಬೇರೆ: 15 ಆರ್ಡರ್, ತಲಾ 180ರಂತೆ 2,700 ರೂಪಾಯಿ. ಅದರಲ್ಲಿ ಜಾಹೀರಾತಿನ 6,000 ತೀರಬೇಕು. 3,300 ರೂಪಾಯಿ ಕೈಯಿಂದ ಹೋಗಿದೆ. ಹಾನಿಯಿಲ್ಲದೆ ಸರಿಸಮ ಆಗಲು ರೋಆಸ್ ಎಷ್ಟಿರಬೇಕು ಎಂದು ತಿಳಿಯುವುದು ಸುಲಭ. ಮಾರುವ ದರವನ್ನು ಉಳಿಕೆಯಿಂದ ಭಾಗಿಸಿ. 600ನ್ನು 180ರಿಂದ ಭಾಗಿಸಿದರೆ 3.33. ಅದಕ್ಕಿಂತ ಕಡಿಮೆ ಬಂದರೆ ಹಾನಿ, ಹೆಚ್ಚು ಬಂದರೆ ಲಾಭ. ಪ್ರತಿ ಅಂಗಡಿಗೂ ಈ ಗೆರೆ ಬೇರೆ. ಜಾಹೀರಾತು ಶುರು ಮಾಡುವ ಮೊದಲೇ ಸಾಹುಕಾರರನ್ನು ಕೇಳಿ ಇದನ್ನು ಬರೆದಿಟ್ಟುಕೊಳ್ಳಿ.

ಹಾನಿ ಎಲ್ಲಾಯಿತು ಎಂದು ಹುಡುಕುವಾಗ ಅಂಕಿಗಳನ್ನು ಮೇಲಿನಿಂದ ಕೆಳಗೆ ಓದಿ. ಕಾಣಿಸಿದ್ದು, ಕ್ಲಿಕ್ ಆದದ್ದು ಚೆನ್ನಾಗಿಯೇ ಇದೆ. ವಿಚಾರಿಸಿದ ನಾಲ್ವರಲ್ಲಿ ಒಬ್ಬರು ಮಾತ್ರ ಕೊಂಡಿದ್ದಾರೆ. ಹಾಗಾದರೆ ವಾಟ್ಸ್‌ಆ್ಯಪ್ ತೆರೆದು ಓದಬೇಕು. ಜಾಹೀರಾತಿನಲ್ಲಿ ‘ಭಾರಿ ಖಾರ’ ಎಂದು ಬರೆದಿದ್ದರೆ, ವಿಚಾರಿಸಿದವರು ‘ಗುಂಟೂರಿಗಿಂತ ಖಾರ ಇದೆಯಾ’ ಎಂದು ಕೇಳಿ, ಇಲ್ಲ ಎಂದಾಗ ಹೊರಟುಹೋಗಿರುತ್ತಾರೆ. 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಹೆಸರು ಅದರ ಕಡುಗೆಂಪು ಬಣ್ಣಕ್ಕೆ. ಡಬ್ಬಿಯಾಗಲಿ ಕಡ್ಡಿಯಾಗಲಿ, ಖಾರ ಕಡಿಮೆ. ಖಾರ ಬೇಕೆನ್ನುವವರನ್ನು ಕರೆತಂದ ಜಾಹೀರಾತಿಗೆ ಕ್ಲಿಕ್ ಬಂದರೂ ಆರ್ಡರ್ ಬರುವುದಿಲ್ಲ. ಇನ್ನೊಂದು ಕಾರಣವನ್ನೂ ನೋಡಿ. ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಮಾರುಕಟ್ಟೆಯ ದಿನ. ಆವಕ ಜೋರಾಗಿರುವ ತಿಂಗಳುಗಳಲ್ಲಿ ಆ ದಿನ ಬಂದ ಸಂದೇಶಕ್ಕೆ ಅಂಗಡಿಯಿಂದ ಉತ್ತರ ಹೋಗುವುದು ಮರುದಿನವೇ ಆಗಬಹುದು. ಅಷ್ಟರಲ್ಲಿ ಕೇಳಿದವರು ಬೇರೆ ಕಡೆ ಕೊಂಡಿರುತ್ತಾರೆ.

ಈಗ ಮಾತು ಬದಲಿಸಿ. ‘ಸಾರಿಗೆ ಬಣ್ಣ ಬರಬೇಕು, ಖಾರ ಹದವಾಗಿರಬೇಕು ಎನ್ನುವ ಮನೆಗಳಿಗೆ’ ಎಂದು ಬರೆಯಿರಿ. ಎರಡು ಕಿಲೋ ಪೊಟ್ಟಣವನ್ನು 1,200ಕ್ಕೆ ಇಡಿ. ಕೊರಿಯರ್ ಖರ್ಚು ಹಂಚಿಹೋಗುವುದರಿಂದ ಉಳಿಕೆ 420 ಎನ್ನೋಣ. ಸರಿಸಮದ ಗೆರೆ 2.86ಕ್ಕೆ ಇಳಿಯುತ್ತದೆ. ಮಾರುಕಟ್ಟೆಯ ದಿನ ಜಾಹೀರಾತು ಓಡದಂತೆ ವೇಳಾಪಟ್ಟಿ ಮಾಡಿ. ಅದೇ 6,000 ರೂಪಾಯಿ, ಅದೇ 60,000 ಸಲ. ಈ ಬಾರಿ ಕ್ಲಿಕ್ 400ಕ್ಕೆ ಇಳಿಯಿತು, ಒಂದಕ್ಕೆ 15 ರೂಪಾಯಿ. ವಿಚಾರಿಸಿದವರು 48, ಒಬ್ಬರಿಗೆ 125 ರೂಪಾಯಿ. ಕೊಂಡವರು 24. ವ್ಯಾಪಾರ 28,800, ರೋಆಸ್ 4.8. ಉಳಿಕೆ 10,080, ಜಾಹೀರಾತು ಕಳೆದರೆ 4,080 ರೂಪಾಯಿ ಲಾಭ.

ಸಿಟಿಆರ್ ಇಳಿಯಿತು, ಕ್ಲಿಕ್ ದುಬಾರಿಯಾಯಿತು, ವಿಚಾರಿಸಿದವರ ಖರ್ಚೂ ಏರಿತು. ಆ ಮೂರನ್ನು ಮಾತ್ರ ನೋಡಿದ್ದರೆ ನೀವು ಈ ಎರಡನೆಯ ಜಾಹೀರಾತನ್ನು ನಿಲ್ಲಿಸಿ, ಹಾನಿ ತಂದ ಮೊದಲನೆಯದಕ್ಕೆ ಇನ್ನಷ್ಟು ಹಣ ಸುರಿಯುತ್ತಿದ್ದಿರಿ. ಮೇಲಿನ ಸಾಲುಗಳು ಕಾರಣ ಹುಡುಕುವುದಕ್ಕೆ, ತೀರ್ಮಾನ ಮಾಡುವುದು ಕೊನೆಯ ಸಾಲಿನಿಂದ. ಒಂದು ಎಚ್ಚರ: ಪರದೆಯಲ್ಲಿ ಕಾಣುವ ಖರ್ಚಿನ ಮೇಲೆ 18% ಜಿಎಸ್‌ಟಿ ಬೀಳುತ್ತದೆ, 6,000ಕ್ಕೆ 1,080. ಆ ತೆರಿಗೆಯನ್ನು ವಾಪಸು ಹೊಂದಿಸಿಕೊಳ್ಳಲಾಗದ ಚಿಕ್ಕ ಅಂಗಡಿಗೆ ಲಾಭ 4,080 ಅಲ್ಲ, 3,000.

ರಾಣೆಬೆನ್ನೂರಿನ ಬೀಜದಂಗಡಿಗೆ ಈ ಲೆಕ್ಕ ಸಾಲದು

ಖಾರದಪುಡಿಯ ಆರ್ಡರ್ ಫೋನಿನಲ್ಲೇ ಮುಗಿಯುತ್ತದೆ, ಬೀಜದ ವ್ಯಾಪಾರ ಹಾಗಲ್ಲ. ರಾಣೆಬೆನ್ನೂರು ಬೀಜೋತ್ಪಾದನೆಗೆ ಹೆಸರಾದ ಊರು. ಇಲ್ಲಿನ ಗಿರಾಕಿ ಮೇ ತಿಂಗಳಲ್ಲಿ ಗೋವಿನಜೋಳದ ಹೈಬ್ರಿಡ್ ಬೀಜದ ಜಾಹೀರಾತು ನೋಡುತ್ತಾನೆ, ಪಕ್ಕದ ಹೊಲದವನನ್ನು ಕೇಳುತ್ತಾನೆ, ಮಳೆ ಬೀಳುವುದನ್ನು ಕಾಯುತ್ತಾನೆ, ಜೂನ್‌ನಲ್ಲಿ ಅಂಗಡಿಗೆ ಬಂದು ನಗದು ಕೊಟ್ಟು ಚೀಲ ಒಯ್ಯುತ್ತಾನೆ. ಪರದೆಗೆ ಇದರ ಸುಳಿವೇ ಇರುವುದಿಲ್ಲ.

ಇಲ್ಲಿ ಗೊತ್ತಿರಬೇಕಾದ ಪದ ಅಟ್ರಿಬ್ಯೂಷನ್ ವಿಂಡೋ. ಯಾವ ಖರೀದಿ ತನ್ನಿಂದಾಯಿತು ಎಂದು ಜಾಹೀರಾತು ಕಂಪನಿ ಹೇಳಿಕೊಳ್ಳಲು ಒಂದು ಗಡುವು ಇರುತ್ತದೆ, ಅದಕ್ಕೆ ‘ಲೆಕ್ಕಕ್ಕೆ ಹಿಡಿದ ದಿನಗಳು’ ಎನ್ನಿ. ಮೆಟಾದಲ್ಲಿ ಸಾಮಾನ್ಯವಾಗಿ ಇರುವ ನಿಯಮ ಎಂದರೆ ಕ್ಲಿಕ್ ಮಾಡಿ ಏಳು ದಿನದೊಳಗೆ, ಅಥವಾ ಬರೀ ನೋಡಿ ಒಂದು ದಿನದೊಳಗೆ ಕೊಂಡರೆ ಅದು ಜಾಹೀರಾತಿನ ಲೆಕ್ಕಕ್ಕೆ. ಎಂಟನೆಯ ದಿನ ಕೊಂಡದ್ದು ಸೇರುವುದಿಲ್ಲ. ಹೀಗಾಗಿ ನಿಜವಾಗಿ ಕೆಲಸ ಮಾಡಿದ ಬೀಜದ ಜಾಹೀರಾತು ವರದಿಯಲ್ಲಿ ಸೋತಂತೆ ಕಾಣಬಹುದು. ಇದರ ತಿರುವುಮುರುವೂ ಉಂಟು. ಹೇಗೂ ಕೊಳ್ಳಲಿದ್ದ ಹಳೆಯ ಗಿರಾಕಿ ಆ ದಿನ ಜಾಹೀರಾತನ್ನು ನೋಡಿದ್ದನೆಂಬ ಕಾರಣಕ್ಕೇ ಜಾಹೀರಾತಿನ ಗೆಲುವಾಗಿ ಎಣಿಕೆಯಾಗಬಹುದು. ಒಂದೇ ಆರ್ಡರನ್ನು ಗೂಗಲ್ ತನ್ನದೆಂದು, ಮೆಟಾ ತನ್ನದೆಂದು ಎರಡೂ ಕಡೆ ಬರೆದುಕೊಂಡರೆ ಎರಡು ವರದಿಗಳ ಮೊತ್ತ ಅಂಗಡಿಯ ವಹಿಯನ್ನೇ ಮೀರುತ್ತದೆ. ಮೊತ್ತ ವಹಿಗೆ ಹೊಂದದಿದ್ದರೆ ವಹಿಯನ್ನೇ ನಂಬಿ.

ಬೀಜದಂಗಡಿಗೆ ಇರುವ ಉಪಾಯ ಸರಳ. ಬಿಲ್ ಪುಸ್ತಕದಲ್ಲಿ ಒಂದು ಅಂಕಣ ಹೆಚ್ಚಿಸಿ, ಗಲ್ಲೆಯ ಮೇಲೆ ಕುಳಿತವರು ಪ್ರತಿಯೊಬ್ಬರನ್ನೂ ‘ನಮ್ಮ ಅಂಗಡಿ ಬಗ್ಗೆ ಎಲ್ಲಿ ತಿಳೀತ್ರಿ?’ ಎಂದು ಕೇಳಿ ಬರೆಯಲಿ. ಜಾಹೀರಾತಿಗೆಂದೇ ಒಂದು ಬೇರೆ ಫೋನ್ ನಂಬರ್ ಇಟ್ಟರೆ ಆ ನಂಬರಿಗೆ ಬಂದ ಕರೆಗಳನ್ನು ಎಣಿಸಬಹುದು. ಬಿತ್ತನೆ ಮುಗಿದ ಮೇಲೆ ಕಳೆದ ಮುಂಗಾರಿನ ಮಾರಾಟದ ಜೊತೆ ಹೋಲಿಸಿ. ಆದರೆ ಮಳೆ ಬಂದ ವರ್ಷವನ್ನು ಬರದ ವರ್ಷಕ್ಕೆ ಹೋಲಿಸಿ ಜಾಹೀರಾತಿಗೆ ಹೊಗಳಿಕೆ ಕೊಡಬೇಡಿ.

ವರದಿ ಬರೆಯುವಾಗ ಪಕ್ಕದಲ್ಲಿಟ್ಟುಕೊಳ್ಳಲು

- ಇಂಪ್ರೆಶನ್: ಕಾಣಿಸಿದ ಸಲ. ‘ಜನ’ ಎಂದು ಬರೆಯಬಾರದು.
- ರೀಚ್: ತಲುಪಿದ ಮಂದಿ, ಅಂದಾಜು.
- ಫ್ರೀಕ್ವೆನ್ಸಿ: ಒಬ್ಬರಿಗೆ ಸರಾಸರಿ ಎಷ್ಟು ಸಲ.
- ಸಿಪಿಎಂ: ಸಾವಿರ ಸಲ ಕಾಣಿಸಲು ಬಿದ್ದ ಖರ್ಚು.
- ಸಿಟಿಆರ್: ನೂರು ಸಲಕ್ಕೆ ಎಷ್ಟು ಕ್ಲಿಕ್.
- ಸಿಪಿಸಿ: ಒಂದು ಕ್ಲಿಕ್ಕಿನ ಖರ್ಚು.
- ಲೀಡ್: ವಿಚಾರಿಸಿದವರು. ಇನ್ನೂ ಗಿರಾಕಿಯಲ್ಲ.
- ಕನ್ವರ್ಷನ್: ಆರ್ಡರ್, ಕರೆ, ಹೆಸರು ಕೊಟ್ಟವರು, ಯಾವುದೋ ಅದರ ಹೆಸರನ್ನೇ ಬರೆಯಿರಿ.
- ರೋಆಸ್: ಜಾಹೀರಾತಿನ ರೂಪಾಯಿಗೆ ಆದ ವ್ಯಾಪಾರ. ಲಾಭವಲ್ಲ.
- ಅಟ್ರಿಬ್ಯೂಷನ್ ವಿಂಡೋ: ಲೆಕ್ಕಕ್ಕೆ ಹಿಡಿದ ದಿನಗಳು.

ಈ ಪದಗಳೇ ಕೊನೆಯಲ್ಲ. ನಿಮ್ಮ ಊರಿನ ಅಂಗಡಿಯಲ್ಲಿ ಇದಕ್ಕಿಂತ ಚೆನ್ನಾದ ಮಾತು ಕಿವಿಗೆ ಬಿದ್ದರೆ ಪಟ್ಟಿ ತಿದ್ದೋಣ. ಆದರೆ ಒಂದು ತಂಡದಲ್ಲಿ ಒಂದು ಪದಕ್ಕೆ ಒಂದೇ ಅರ್ಥ ಇರಬೇಕು. ಹಾವೇರಿಯ ವರದಿಯಲ್ಲಿ ‘ಮಂದಿ’ ಎಂದರೆ ರೀಚ್, ಬ್ಯಾಡಗಿಯ ವರದಿಯಲ್ಲಿ ಇಂಪ್ರೆಶನ್ ಎಂದಾಗಬಾರದು.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರತಿ ವರದಿಯ ಮೊದಲ ಸಾಲಿನಲ್ಲಿ ಮೂರು ಅಂಕಿ ಬರೆಯಿರಿ: ಹಾಕಿದ್ದು ಎಷ್ಟು, ವ್ಯಾಪಾರವಾದದ್ದು ಎಷ್ಟು, ಎಲ್ಲ ಖರ್ಚು ಕಳೆದು ಉಳಿದದ್ದು ಎಷ್ಟು. ಹಾನಿಯಾಗಿದ್ದರೆ ಅಲ್ಲೇ ಹಾನಿ ಎಂದು ಬರೆಯಿರಿ, ಕಾಣಿಸಿದ ಸಲದ ದೊಡ್ಡ ಅಂಕಿಯ ಹಿಂದೆ ಮುಚ್ಚಿಡಬೇಡಿ. ಅಂಗಡಿಯವರಲ್ಲಿಯೂ ಒಂದು ವಿನಂತಿ: ಈ ಮೂರು ಅಂಕಿ ಇಲ್ಲದ ವರದಿಯನ್ನು ಯಾರು ತಂದರೂ ವಾಪಸು ಕಳಿಸಿ.

ಇಂತಿ,
ನಿಮ್ಮ ತಂಡದ ಹಿರಿಯ ಸಹೋದ್ಯೋಗಿ,
ಹಾವೇರಿ